ಅಂಚಿನಲ್ಲಿ ಮೂವರು ನುಗ್ಗಿದಾಗ: ಹಿಂದೆ ಮೂವರಿರಬೇಕೇ, ನಾಲ್ವರೇ?

ಎದುರಾಳಿ ವಿಂಗರ್ ಟಚ್‌ಲೈನ್ ಪಕ್ಕದಲ್ಲೇ ನಿಂತು ಚೆಂಡು ಪಡೆಯುತ್ತಾನೆ. ಅವನ ಹಿಂದಿನಿಂದ ಅವರ ಫುಲ್‌ಬ್ಯಾಕ್ ಓಡಿಬರುತ್ತಾನೆ. ಒಳಗಡೆ, ಪೆನಾಲ್ಟಿ ಬಾಕ್ಸ್‌ನ ಮೂಲೆಯ ನೇರಕ್ಕೆ, ಒಬ್ಬ ಮಿಡ್‌ಫೀಲ್ಡರ್ ಬಂದು ನಿಲ್ಲುತ್ತಾನೆ. ಅವರು ಮೂವರು, ನಿಮ್ಮವರು ಅಲ್ಲಿ ಇಬ್ಬರೇ. ಇಂಥ ಹೊತ್ತಿನಲ್ಲಿ ನಾಲ್ವರ ರಕ್ಷಣಾ ಸಾಲಿಗೂ ಮೂವರ ಸಾಲಿಗೂ ಏನು ವ್ಯತ್ಯಾಸ, ಯಾವುದರಲ್ಲಿ ಯಾರು ಎಲ್ಲಿಗೆ ಹೋಗಬೇಕು ಎಂಬುದನ್ನು ಕಾಲೇಜು, ಕ್ಲಬ್ ತಂಡಗಳ ತರಬೇತುದಾರರಿಗೆ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇನೆ.

ಮೊದಲು ಜಾಗದ ಲೆಕ್ಕ

ದೊಡ್ಡ ಮೈದಾನಗಳ ಅಗಲ ಸಾಮಾನ್ಯವಾಗಿ 68 ಮೀಟರ್. ಪೆನಾಲ್ಟಿ ಬಾಕ್ಸ್‌ನ ಅಗಲ ಸುಮಾರು 40 ಮೀಟರ್. ಅಂದರೆ ಬಾಕ್ಸ್‌ನ ಅಂಚಿನಿಂದ ಟಚ್‌ಲೈನ್‌ವರೆಗೆ ಎರಡೂ ಬದಿಯಲ್ಲಿ ಸುಮಾರು 14 ಮೀಟರ್ ಜಾಗ ಉಳಿಯುತ್ತದೆ. ನಾಲ್ವರು ಡಿಫೆಂಡರ್‌ಗಳು ಬಾಕ್ಸ್‌ನ ಅಗಲವನ್ನು ಆರಾಮವಾಗಿ ಕಾಯಬಲ್ಲರು. ಆದರೆ ಫುಲ್‌ಬ್ಯಾಕ್ ವಿಂಗರ್‌ನತ್ತ ಹೊರಟ ಕೂಡಲೇ ಅವನಿಗೂ ಪಕ್ಕದ ಸೆಂಟರ್‌ಬ್ಯಾಕ್‌ಗೂ ನಡುವೆ ಒಂದು ಓಣಿ ತೆರೆದುಕೊಳ್ಳುತ್ತದೆ. ಅಂಚಿನ ದಾಳಿಯ ಗುರಿ ಬಹುಪಾಲು ಇದೇ ಓಣಿ. ಚೆಂಡು ಅಲ್ಲಿಗೆ ಬಿದ್ದರೆ ಗೋಲ್‌ಲೈನ್‌ವರೆಗೆ ಓಡಿ ಹಿಂದಕ್ಕೆ ಪಾಸ್ ಕೊಡುವುದು ಸುಲಭ.

ನಾಲ್ವರ ಸಾಲಿನಲ್ಲಿ

ವಿಂಗರ್‌ಗೆ ಪಾಸ್ ಹೊರಟ ಮೇಲಷ್ಟೇ ಫುಲ್‌ಬ್ಯಾಕ್ ಹೊರಗೆ ಹೋಗಬೇಕು. ಮೊದಲೇ ಹೋದರೆ ಚೆಂಡು ನೇರವಾಗಿ ಓಣಿಗೆ ಬೀಳುತ್ತದೆ. ಅದೇ ಬದಿಯ ವೈಡ್ ಮಿಡ್‌ಫೀಲ್ಡರ್ ಹಿಂದಕ್ಕೆ ಓಡಿ, ಮೇಲೇರಿ ಬರುವ ಎದುರಾಳಿ ಫುಲ್‌ಬ್ಯಾಕ್‌ನನ್ನು ಹಿಡಿಯಬೇಕು. ಇಷ್ಟರಮಟ್ಟಿಗೆ ಯಾರಿಗೂ ಗೊಂದಲವಿಲ್ಲ. ಓಣಿಯನ್ನು ತುಂಬುವವರು ಯಾರು ಎಂಬಲ್ಲಿಂದ ಗೊಂದಲ ಶುರುವಾಗುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಒಂದು, ಇಡೀ ಸಾಲೇ ಚೆಂಡಿನ ಕಡೆಗೆ ಸರಿಯುವುದು. ಹತ್ತಿರದ ಸೆಂಟರ್‌ಬ್ಯಾಕ್ ಓಣಿಗೆ, ಇನ್ನೊಬ್ಬ ಸೆಂಟರ್‌ಬ್ಯಾಕ್ ಹತ್ತಿರದ ಕಂಬದ ಮುಂದಕ್ಕೆ, ದೂರದ ಫುಲ್‌ಬ್ಯಾಕ್ ಗೋಲಿನ ನಡುವಿಗೆ ಬರುತ್ತಾರೆ. ದೂರದ ಅಂಚಿನ ಎದುರಾಳಿಯನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ. 2013-14ರಲ್ಲಿ ಲಾ ಲಿಗಾ ಗೆದ್ದ ಡಿಯಾಗೊ ಸಿಮಿಯೋನೆ ಅವರ ಅಟ್ಲೆಟಿಕೊ ಮ್ಯಾಡ್ರಿಡ್ ತನ್ನ 4-4-2ರಲ್ಲಿ ಹೀಗೆ ಎರಡೂ ಸಾಲುಗಳನ್ನು ಒಟ್ಟಿಗೆ ಸರಿಸುತ್ತಿತ್ತು. ಚೆಂಡು ಆ ಬದಿಯಿಂದ ಈ ಬದಿಗೆ ಬರುವಷ್ಟರಲ್ಲಿ ಅವರು ವಾಪಸ್ ಬಂದು ನಿಂತಿರುತ್ತಿದ್ದರು. ಆ ಓಟ ನಿಮ್ಮ ಹುಡುಗರ ಕಾಲಲ್ಲಿ ಇಲ್ಲದಿದ್ದರೆ ಒಂದು ಉದ್ದನೆಯ ಪಾಸ್ ಸಾಕು, ಸಾಲು ಮುರಿಯುತ್ತದೆ.

ಎರಡನೆಯ ದಾರಿಯಲ್ಲಿ ಸೆಂಟರ್‌ಬ್ಯಾಕ್‌ಗಳಿಬ್ಬರೂ ಬಾಕ್ಸ್‌ನ ನಡುವೆಯೇ ಉಳಿಯುತ್ತಾರೆ. ಡಿಫೆನ್ಸಿವ್ ಮಿಡ್‌ಫೀಲ್ಡರ್ ಕೆಳಗಿಳಿದು ಓಣಿ ತುಂಬುತ್ತಾನೆ. ಎತ್ತರದ ಕ್ರಾಸ್‌ಗಳನ್ನು ತಡೆಯಲು ಇದು ಒಳ್ಳೆಯದು. ಆದರೆ ಬಾಕ್ಸ್‌ನ ಮುಂದಿನ ಜಾಗ ಖಾಲಿಯಾಗುತ್ತದೆ. ಗೋಲ್‌ಲೈನ್‌ನಿಂದ ಹಿಂದಕ್ಕೆ ಬರುವ ಪಾಸನ್ನು ಅಲ್ಲಿ ಯಾರೂ ತಡೆಯುವುದಿಲ್ಲ.

ಎರಡರಲ್ಲಿ ಯಾವುದು ಎಂದು ಪಂದ್ಯಕ್ಕೆ ಮೊದಲೇ ತೀರ್ಮಾನಿಸಿ. ಸೆಂಟರ್‌ಬ್ಯಾಕ್ ಮಿಡ್‌ಫೀಲ್ಡರ್ ಬರುತ್ತಾನೆಂದು ಕಾಯುತ್ತಾನೆ, ಮಿಡ್‌ಫೀಲ್ಡರ್ ಸೆಂಟರ್‌ಬ್ಯಾಕ್ ಹೋಗುತ್ತಾನೆಂದು ನಿಲ್ಲುತ್ತಾನೆ. ನಾಲ್ವರ ಸಾಲು ಅಂಚಿನಲ್ಲಿ ಗೋಲು ಬಿಟ್ಟುಕೊಡುವುದು ಹೆಚ್ಚಾಗಿ ಈ ಗೊಂದಲದಿಂದಲೇ.

ಮೂವರ ಸಾಲಿನಲ್ಲಿ

ರಕ್ಷಣೆಗೆ ಇಳಿದಾಗ ಮೂವರ ಸಾಲು ನಿಜಕ್ಕೂ ಐವರ ಸಾಲಾಗುತ್ತದೆ, ಏಕೆಂದರೆ ಎರಡೂ ವಿಂಗ್‌ಬ್ಯಾಕ್‌ಗಳು ಹಿಂದಕ್ಕೆ ಬರುತ್ತಾರೆ. 2022-23ರ ಐಎಸ್‌ಎಲ್‌ನಲ್ಲಿ ಸೈಮನ್ ಗ್ರೇಸನ್ ಅವರ ಬೆಂಗಳೂರು ಎಫ್‌ಸಿ ಆಡಿದ್ದು ಹೀಗೆಯೇ. ಕಂಠೀರವದಲ್ಲಿ ಆ ಪಂದ್ಯಗಳನ್ನು ನೋಡಿದವರಿಗೆ ಪ್ರಬೀರ್ ದಾಸ್ ಮತ್ತು ರೋಷನ್ ಸಿಂಗ್ ಅಂಚಿನುದ್ದಕ್ಕೂ ಮೇಲೆ ಕೆಳಗೆ ಓಡುತ್ತಿದ್ದುದು ನೆನಪಿರಬಹುದು.

ಇಲ್ಲಿ ಓಣಿಯ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧ. ವಿಂಗ್‌ಬ್ಯಾಕ್ ವಿಂಗರ್‌ನತ್ತ ಹೋಗುತ್ತಾನೆ, ಆ ಬದಿಯ ಸೆಂಟರ್‌ಬ್ಯಾಕ್ ಓಣಿಗೆ ಸರಿಯುತ್ತಾನೆ. ಆದರೂ ಬಾಕ್ಸ್‌ನಲ್ಲಿ ಇಬ್ಬರು ಸೆಂಟರ್‌ಬ್ಯಾಕ್‌ಗಳು ಮತ್ತು ದೂರದ ವಿಂಗ್‌ಬ್ಯಾಕ್ ಉಳಿದಿರುತ್ತಾರೆ. ಬದಿಯ ಸೆಂಟರ್‌ಬ್ಯಾಕ್‌ಗೆ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಬೇಕು: ಸಾಲಿನ ಹಿಂದಕ್ಕೆ ಯಾರಾದರೂ ಓಡಿದರೆ, ಇಲ್ಲವೇ ವಿಂಗ್‌ಬ್ಯಾಕ್‌ನನ್ನು ದಾಟಿ ಚೆಂಡು ಬಂದರೆ ಮಾತ್ರ ನೀನು ಅವರ ಜೊತೆ ಅಂಚಿನವರೆಗೆ ಹೋಗು. ವಿಂಗ್‌ಬ್ಯಾಕ್ ಮತ್ತು ಅವನು ಇಬ್ಬರೂ ಒಬ್ಬನೇ ವಿಂಗರ್‌ನ ಮೇಲೆ ಬಿದ್ದರೆ ಹೆಚ್ಚುವರಿ ಡಿಫೆಂಡರ್ ಇದ್ದೂ ಪ್ರಯೋಜನವಿಲ್ಲ.

ಹಿಂದೆ ಸೇರಿದ ಆ ಒಬ್ಬ ಮುಂದಿನ ಸಾಲಿನಿಂದ ಬಂದವನು. ಹಾಗಾಗಿ ಕೊರತೆ ಓಣಿಯಿಂದ ಬಾಕ್ಸ್‌ನ ಮುಂದಕ್ಕೆ ವರ್ಗವಾಗುತ್ತದೆ. 3-4-3ರಲ್ಲಿ ನಡುವೆ ಇಬ್ಬರೇ ಮಿಡ್‌ಫೀಲ್ಡರ್‌ಗಳು. ಅಂಚಿನ ಫಾರ್ವರ್ಡ್ ಕೆಳಗಿಳಿಯದಿದ್ದರೆ ದಾಳಿಯ ಮೂರನೆಯ ಆಟಗಾರ, ಬಾಕ್ಸ್‌ನ ಮೂಲೆಯ ಬಳಿ ನಿಂತವನು, ತಲೆಯೆತ್ತಿ ನೋಡಿ ಕ್ರಾಸ್ ಮಾಡುವಷ್ಟು ಸಮಯ ಪಡೆಯುತ್ತಾನೆ.

ಚೆಲ್ಸಿ ಸೋತ ಸಂಜೆ

ಇದನ್ನು ಕಣ್ಣಾರೆ ನೋಡಬೇಕೆಂದರೆ 2017ರ ಜನವರಿ 4ರ ಟಾಟನ್‌ಹ್ಯಾಮ್-ಚೆಲ್ಸಿ ಪಂದ್ಯದ ಎರಡು ಗೋಲುಗಳನ್ನು ಹುಡುಕಿ ನೋಡಿ. 2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ವಿರುದ್ಧ 3-0ರಿಂದ ಸೋತ ಪಂದ್ಯದ ನಡುವೆಯೇ ಆಂಟೋನಿಯೊ ಕಾಂಟೆ ಚೆಲ್ಸಿಯನ್ನು ಮೂವರ ಸಾಲಿಗೆ ಬದಲಿಸಿದ್ದರು. ಆಮೇಲೆ ಲೀಗ್‌ನಲ್ಲಿ ಸತತ 13 ಗೆಲುವು. ಅಸ್ಪಿಲಿಕ್ವೆಟಾ, ಡೇವಿಡ್ ಲೂಯಿಸ್, ಕೇಹಿಲ್ ಹಿಂದೆ. ಅಂಚುಗಳಲ್ಲಿ ಮೋಸೆಸ್ ಮತ್ತು ಅಲೊನ್ಸೊ.

ಮೂವರ ಸಾಲಿನಲ್ಲೇ ಆಡಿದ ಟಾಟನ್‌ಹ್ಯಾಮ್ ಆ ಓಟವನ್ನು 2-0ರಿಂದ ನಿಲ್ಲಿಸಿತು. ಎರಡು ಗೋಲುಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಬಲಬದಿಯಲ್ಲಿ, ಟಚ್‌ಲೈನ್‌ನಿಂದ ತುಸು ಒಳಗೆ ನಿಂತ ಕ್ರಿಶ್ಚಿಯನ್ ಎರಿಕ್ಸನ್ ಕ್ರಾಸ್ ಕೊಟ್ಟರು. ದೂರದ ಕಂಬದ ಕಡೆ ಅಸ್ಪಿಲಿಕ್ವೆಟಾ ಅವರಿಗಿಂತ ಎತ್ತರದ ಡೆಲಿ ಆಲಿ ಹಾರಿ ಹೆಡ್ ಮಾಡಿದರು. ವಿಂಗ್‌ಬ್ಯಾಕ್ ವಾಕರ್ ಅಗಲಕ್ಕೆ ನಿಂತಿದ್ದರೆ ಅಲೊನ್ಸೊ ಅವರನ್ನು ಬಿಟ್ಟು ಬರುವಂತಿಲ್ಲ. ನಡುವಿನ ಇಬ್ಬರು ಅಲ್ಲಿಗೆ ತಲುಪುವುದು ತಡವಾಗುತ್ತದೆ. ಚೆಲ್ಸಿಯ ಬಾಕ್ಸ್‌ನಲ್ಲಿ ಜನ ಕಡಿಮೆಯಿರಲಿಲ್ಲ, ಕ್ರಾಸ್ ಮಾಡುವವನ ಮುಂದೆ ಯಾರೂ ಇರಲಿಲ್ಲ. ಆ ವರ್ಷ ಲೀಗ್ ಗೆದ್ದದ್ದು ಚೆಲ್ಸಿಯೇ, ಹಾಗಾಗಿ ವ್ಯವಸ್ಥೆಯೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದರ ಬಿರುಕು ಎಲ್ಲಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಂದ್ಯ ಅಪರೂಪ.

ಅಭ್ಯಾಸ ಹೀಗೆ ಮಾಡಿಸಿ

ಅರ್ಧ ಮೈದಾನ ಸಾಕು. ದಾಳಿಗೆ ಅಂಚಿನಲ್ಲಿ ಮೂವರು, ಬಾಕ್ಸ್‌ನಲ್ಲಿ ಇಬ್ಬರು, ದೂರದ ಅಂಚಿನಲ್ಲಿ ಒಬ್ಬ. ರಕ್ಷಣೆಗೆ ಮೊದಲು ನಾಲ್ವರ ಸಾಲು, ಇಬ್ಬರು ಸೆಂಟ್ರಲ್ ಮಿಡ್‌ಫೀಲ್ಡರ್‌ಗಳು ಮತ್ತು ಆ ಬದಿಯ ವೈಡ್ ಮಿಡ್‌ಫೀಲ್ಡರ್. ಹತ್ತು ದಾಳಿಗಳಾದ ಮೇಲೆ ರಕ್ಷಣೆಯ ಅದೇ ಏಳು ಜನರನ್ನು ಐವರು ಹಿಂದೆ, ಇಬ್ಬರು ಮುಂದೆ ಎಂದು ನಿಲ್ಲಿಸಿ ಮತ್ತೆ ಹತ್ತು ಆಡಿಸಿ. ಗೋಲುಗಳನ್ನು ಎಣಿಸಬೇಡಿ, ಕೊನೆಯ ಪಾಸ್ ಎಲ್ಲಿಂದ ಬಂತು ಎಂದು ಕಾಗದದ ಮೇಲೆ ಗುರುತು ಹಾಕಿ. ನಾಲ್ವರಿದ್ದಾಗ ಗುರುತುಗಳು ಗೋಲ್‌ಲೈನ್ ಬಳಿಯ ಓಣಿಯಲ್ಲಿ ಸೇರಿದರೆ ಅದನ್ನು ತುಂಬುವವನು ತಡಮಾಡುತ್ತಿದ್ದಾನೆ. ಐವರಿದ್ದಾಗ ಬಾಕ್ಸ್‌ನ ಮೂಲೆಯ ಹೊರಗೆ ಸೇರಿದರೆ ಎರಿಕ್ಸನ್ ನಿಂತಿದ್ದ ಜಾಗ ನಿಮ್ಮಲ್ಲೂ ಖಾಲಿಯಿದೆ ಎಂದರ್ಥ. ಆಗ ಎಂಟನೆಯವನಾಗಿ ಆ ಬದಿಯ ಫಾರ್ವರ್ಡ್‌ನನ್ನೂ ಸೇರಿಸಿ, ಚೆಂಡು ಅಂಚಿಗೆ ಹೋದ ಕೂಡಲೇ ಆ ಜಾಗಕ್ಕೆ ಓಡಿಬರುವಂತೆ ಹೇಳಿ ಮತ್ತೆ ಆಡಿಸಿ. ಅವನಿಗೆ ಆ ಓಟ ಸಾಧ್ಯವೇ ಇಲ್ಲವೆಂದಾದರೆ ಪಂದ್ಯದ ದಿನ ಆ ಬದಿಗೆ ಬೇರೊಬ್ಬನನ್ನು ಆಡಿಸಬೇಕು, ಇಲ್ಲವೇ ನಾಲ್ವರ ಸಾಲಿಗೇ ಮರಳಬೇಕು.