ಸೋಲಿನ ಬಳಿಕ ನಗೆ

ಹಲವರು ಕೂಡಿ ಮಾಡಿದ ಕಾರ್ಯವು ಕೆಟ್ಟಾಗ ಮೊದಲು ಹುಟ್ಟುವುದು ದುಃಖ. ಅದರ ಬೆನ್ನಿಗೇ ಬರುವುದು ನಗೆಮಾತು. ಈ ನಗೆಯು ತಪ್ಪನ್ನು ತೋರುವ ದೀಪವೂ ಆಗಬಹುದು, ಅದನ್ನು ಮುಚ್ಚುವ ತೆರೆಯೂ ಆಗಬಹುದು.

ಭಾರತದ ಎ.ಎಸ್.ಎಲ್.ವಿ. ರಾಕೆಟ್ಟಿನ ವೃತ್ತಾಂತವನ್ನು ನೋಡಬಹುದು. ಶ್ರೀಹರಿಕೋಟೆಯಿಂದ 1987ರ ಮಾರ್ಚ್ 24ರಂದು ಹಾರಿದ ಮೊದಲನೆಯದು ಸಮುದ್ರಕ್ಕೆ ಬಿದ್ದಿತು. 1988ರ ಜುಲೈ 13ರಂದು ಹಾರಿದ ಎರಡನೆಯದಕ್ಕೂ ಅದೇ ಗತಿಯಾಯಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿಯ ಕಡೆಯ ಯು. ಆರ್. ರಾವ್. ಆ ನಾಲ್ಕಕ್ಷರಗಳನ್ನು ಜನರು ‘ಆಲ್‌ವೇಸ್ ಸೀ ಲವಿಂಗ್ ವೆಹಿಕಲ್’, ಎಂದರೆ ಸದಾ ಸಮುದ್ರವನ್ನೇ ಪ್ರೀತಿಸುವ ವಾಹನವೆಂದು ಬಿಡಿಸಿ ನಕ್ಕರು. ಚಮತ್ಕಾರದ ಮಾತೇ ಸರಿ. ಆದರೆ ಅದರಲ್ಲಿರುವುದು ರಾಕೆಟ್ಟು ಎಲ್ಲಿ ಬಿದ್ದಿತೆಂಬುದು ಮಾತ್ರ, ಏಕೆ ಬಿದ್ದಿತೆಂಬುದಿಲ್ಲ.

ವಾಸ್ತವವಾಗಿ ಆ ಎರಡು ಸೋಲುಗಳು ಒಂದೇ ಬಗೆಯವಲ್ಲ. ಈ ವಾಹನದಲ್ಲಿ ಮೊದಲು ಉರಿಯುವುದು ಪಕ್ಕದ ಎರಡು ರಾಕೆಟ್ಟುಗಳು. ಸುಮಾರು 50 ಸೆಕೆಂಡುಗಳಲ್ಲಿ ಅವು ಆರುವಾಗ ನಡುವಣದು ಹೊತ್ತಿಕೊಳ್ಳಬೇಕು. ಮೊದಲ ಸಲ ನಡುವಣದು ಹೊತ್ತಲೇ ಇಲ್ಲ. ಎರಡನೆಯ ಸಲ ಹೊತ್ತಿತು. ಆದರೆ ಪಕ್ಕದವು ಎಣಿಸಿದ್ದಕ್ಕಿಂತ ಬೇಗ ಬಲಗುಂದಿದ್ದವು. ಗಾಳಿಯ ಒತ್ತಡ ಅತಿಶಯವಾಗಿದ್ದ ಆ ಕಿರು ಅಂತರದಲ್ಲಿ ಹಿಡಿತ ಸಾಲದೆ ವಾಹನವು ವಾಲಿ ಮುರಿಯಿತು. ಇವೆರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿ ನಗುವವನಿಗೆ, ಮೊದಲ ದೋಷವು ನೀಗಿತ್ತೆಂಬ ಸಂಗತಿಯೇ ಕಾಣದು.

ಇದಕ್ಕೆ ಬದಲಾಗಿ, ತಂಡದವನೊಬ್ಬನು “ನಮ್ಮ ರಾಕೆಟ್ಟು ಆಕಾಶವನ್ನು ನೋಡದೆ ಗಡಿಯಾರವನ್ನು ನೋಡಿಕೊಂಡು ಹಾರಿತು” ಎಂದು ಹಾಸ್ಯಮಾಡಿದನೆಂದು ಭಾವಿಸೋಣ. ಇದೂ ನಗೆಯೇ, ಆದರೆ ದೋಷವಿದ್ದ ಎಡೆಯನ್ನೇ ಮುಟ್ಟುತ್ತದೆ. ಗೊತ್ತುಪಡಿಸಿದ ಕ್ಷಣಕ್ಕೆ ಕಿಡಿ ಕೊಡುವ ಕ್ರಮವೇ ಅಲ್ಲಿ ತೊಡಕಾಗಿತ್ತು. ಅದೇ ಮಾತನ್ನು “ಇಂಥವನ ಗಡಿಯಾರ” ಎಂದು ತಿರುಗಿಸಿದರೆ ಸಾಕು, ಆ ಲೆಕ್ಕವನ್ನು ಮಾಡಿದವನು ಬಾಯಿ ಮುಚ್ಚುವನು. ಅವನಿಗೆ ಮಾತ್ರ ತಿಳಿದಿರುವ ವಿವರವೂ ಅವನೊಡನೆ ಮುಚ್ಚಿಹೋಗುವುದು. ಹಿರಿಯನು ತನ್ನ ತೀರ್ಮಾನವನ್ನು ತಾನೇ ಹಾಸ್ಯಮಾಡಿಕೊಂಡರೆ ಕಿರಿಯರಿಗೆ ಬಾಯಿ ಬರುತ್ತದೆ. ಕಿರಿಯರ ಮೇಲೆ ಹಾಸ್ಯಮಾಡಿದರೆ ಎಲ್ಲರೂ ನಗುತ್ತಾರೆ, ಯಾರೂ ಹೇಳುವುದಿಲ್ಲ. ನಕ್ಕ ಮೇಲಿನ ಮಾತು ಕಾರಣದತ್ತ ಸಾಗಿತೋ, ಬೇರೆ ವಿಷಯಕ್ಕೆ ಜಾರಿತೋ ಎಂಬುದನ್ನು ಗಮನಿಸಿದರೆ ಭೇದವು ತಿಳಿಯುತ್ತದೆ. ಎಲ್ಲರೂ ನಗುವಾಗ ನಗದೆ ಕುಳಿತವನನ್ನು ಆಮೇಲೆ ಏಕಾಂತದಲ್ಲಿ ಕೇಳುವುದು ಇನ್ನೂ ಲೇಸು.

ಶ್ರೀಹರಿಕೋಟೆಯಲ್ಲಿ ಕಡೆಗೆ ಆದ ತಿದ್ದುಪಾಟು ಹೀಗಿದೆ: ಪಕ್ಕದ ರಾಕೆಟ್ಟುಗಳ ಬಲವು ಕುಗ್ಗುವುದನ್ನು ವಾಹನವೇ ಅರಿತು ನಡುವಣದಕ್ಕೆ ಕಿಡಿ ಕೊಡುವಂತೆ ಮಾಡಿದರು, ವಾಲದಂತೆ ಬುಡಕ್ಕೆ ರೆಕ್ಕೆಗಳನ್ನೂ ಸೇರಿಸಿದರು. 1992ರ ಮೇ 20ರಂದು ಮೂರನೆಯದು ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ಕಕ್ಷೆಯು ಉದ್ದೇಶಿಸಿದುದಕ್ಕಿಂತ ಕೆಳಗಿತ್ತು. ಆದುದರಿಂದ ಪರಿಶೀಲನೆಯು ಅಲ್ಲಿಗೂ ನಿಲ್ಲಲಿಲ್ಲ.