ತೇಜಿ-ಮಂದಿಯ ಊಹೆಯೋ, ದರಗಳ ಅಂತರವೋ?
ಅರಿಷಿಣದ ವ್ಯಾಪಾರಿಯೊಬ್ಬನ ಕಥೆಯ ಮೂಲಕ ಹೆಜ್ಜಿಂಗ್ ಪಾಠ

ನಮ್ಮ ಸದಸ್ಯರಲ್ಲಿ ಅನೇಕರು ದಿನವೂ ಎರಡು ದರಗಳನ್ನು ಹೇಳುವವರು. ಒಂದು ತಾವು ಕೊಳ್ಳುವ ದರ, ಇನ್ನೊಂದು ತಾವು ಮಾರುವ ದರ. ಮಾಲು ತಂದವನಿಗೂ, ಮಾಲು ಬೇಕೆಂದವನಿಗೂ ಇಲ್ಲವೆನ್ನದೆ ಎರಡೂ ಕಡೆ ವ್ಯಾಪಾರಕ್ಕೆ ಸಿದ್ಧನಿರುವವನನ್ನು ಮಾರ್ಕೆಟ್ ಮೇಕರ್ ಎನ್ನುತ್ತಾರೆ. ಆತನ ಸಂಪಾದನೆ ಎಲ್ಲಿಂದ ಬರುತ್ತದೆ, ನಷ್ಟ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಕಥೆಯ ರೂಪದಲ್ಲಿ ಪರಿಶೀಲಿಸೋಣ. ಕಥೆಯ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಇರಿಸಿಕೊಳ್ಳಲಾಗಿದೆ.

ಯಮಕನಮರಡಿಯಲ್ಲಿ ಒಬ್ಬ ಅರಿಷಿಣದ ವ್ಯಾಪಾರಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರೈತರಿಂದ ಮಾಲು ಕೊಂಡು, ಸಾಂಗಲಿಯ ಖರೀದಿದಾರರಿಗೂ ಮಸಾಲೆ ಗಿರಣಿಗಳಿಗೂ ಮಾರುವುದು ಆತನ ಕಸಬು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಕ್ವಿಂಟಲಿಗೆ 300 ರೂಪಾಯಿ ಅಂತರ. ಚೀಲ, ಹಮಾಲಿ, ದಲಾಲಿ, ಸಾಗಾಣಿಕೆಗೆ 100 ರೂಪಾಯಿ ಕಳೆದರೆ ಉಳಿಯುವುದು 200 ರೂಪಾಯಿ.

2023ರ ಬೇಸಿಗೆಯಿಂದ ಆಗಸ್ಟ್‌ವರೆಗೆ ದೇಶದಾದ್ಯಂತ ಅರಿಷಿಣದ ದರ ಎರಡು ಪಟ್ಟು ಮೀರಿ ಏರಿತು. ಏರಿಕೆಯ ಆರಂಭದಲ್ಲಿ ಆತನ ಗೋದಾಮಿನಲ್ಲಿ ಅಕಸ್ಮಾತ್ತಾಗಿ ಉಳಿದಿದ್ದ ಸ್ವಲ್ಪ ಮಾಲು ಒಳ್ಳೆಯ ಲಾಭ ತಂದಿತು. ಅದು ಅದೃಷ್ಟವೆಂದು ತಿಳಿಯದೆ, ತನಗೆ ತೇಜಿಯ ಅಂದಾಜು ಗೊತ್ತಾಗುತ್ತದೆಂದು ಆತ ನಂಬಿದ. ದರ ಮೇಲಿದ್ದಾಗ 200 ಕ್ವಿಂಟಲ್ ಕೊಂಡು ಮಾರದೆ ಹಿಡಿದಿಟ್ಟ. ನಂತರ ದರ ಇಳಿಯಿತು. ಬ್ಯಾಂಕಿನ ಸಾಲದ ಮಿತಿ ತುಂಬಿತ್ತು, ರೈತರ ಬಾಕಿ ಕೊಡಬೇಕಾಗಿತ್ತು. ಕ್ವಿಂಟಲಿಗೆ 2,000 ರೂಪಾಯಿ ಕಡಿಮೆಗೆ ಮಾರಿದ್ದರಿಂದ ನಾಲ್ಕು ಲಕ್ಷ ರೂಪಾಯಿ ನಷ್ಟವಾಯಿತು.

ವರ್ಷಾಂತ್ಯದ ಲೆಕ್ಕ ನೋಡುವಾಗ ಅವನ ಲೆಕ್ಕಪರಿಶೋಧಕರು ವ್ಯಾಪಾರವನ್ನು ಎರಡು ಭಾಗ ಮಾಡಿ ತೋರಿಸಿದರು. ಆ ವರ್ಷ ಕೊಂಡು ಕೊಂಡಂತೆ ಮಾರಿದ ಮಾಲು 2,000 ಕ್ವಿಂಟಲ್. ಅದರ ಲಾಭ ನಾಲ್ಕು ಲಕ್ಷ. ಹಿಡಿದಿಟ್ಟ ಮಾಲು 200 ಕ್ವಿಂಟಲ್. ಅದರ ನಷ್ಟವೂ ನಾಲ್ಕು ಲಕ್ಷ. "ಹತ್ತು ಪಾಲಿನ ದುಡಿಮೆಯನ್ನು ಒಂದು ಪಾಲಿನ ಊಹೆ ತಿಂದಿದೆ. ನಿಮ್ಮ ಕಸಬು ಅಂತರ ಗಳಿಸುವುದು, ತೇಜಿ-ಮಂದಿ ಹೇಳುವುದಲ್ಲ" ಎಂದರು.

"ಹಂಗಂದ್ರ ಏನ್ ಮಾಡೂದ್ರಿ ಸಾಹೇಬ್ರ? ರೈತರು ಮಾಲು ತಂದ ದಿನಾನ ಗಿರಾಕಿ ಬರೂದಿಲ್ಲಲ್ಲ" ಎಂಬುದು ವ್ಯಾಪಾರಿಯ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಎರಡೂ ಕಡೆ ವ್ಯಾಪಾರ ಮಾಡುವವನಲ್ಲಿ ದಾಸ್ತಾನು ಉಳಿಯುವುದು ಅನಿವಾರ್ಯ. ಆದರೆ ಉಳಿದ ದಾಸ್ತಾನಿನ ದರದ ಅಪಾಯವನ್ನು ತಾನೇ ಹೊರುವುದು ಅನಿವಾರ್ಯವಲ್ಲ.

ಮುಂದಿನ ಹಂಗಾಮಿನ ಒಂದು ವಾರವನ್ನು ನೋಡೋಣ. ಆತ ಹೇಳಿದ ದರಗಳು: ಕೊಳ್ಳುವುದು 13,800, ಮಾರುವುದು 14,100. ಕೊಂಡದ್ದು 300 ಕ್ವಿಂಟಲ್, ಮಾರಿದ್ದು 200 ಕ್ವಿಂಟಲ್. ಮಾರಿದ ಮಾಲಿನ ಮೇಲೆ ಖರ್ಚು ಕಳೆದು 40,000 ರೂಪಾಯಿ ಕೈಸೇರಿತು. ಉಳಿದದ್ದು 100 ಕ್ವಿಂಟಲ್. ಎನ್‌ಸಿಡಿಇಎಕ್ಸ್ ವಿನಿಮಯ ಕೇಂದ್ರದಲ್ಲಿ ಅರಿಷಿಣದ ವಾಯಿದಾ ಒಪ್ಪಂದದ ಒಂದು ಲಾಟ್ ಎಂದರೆ 5 ಟನ್, ಅಂದರೆ 50 ಕ್ವಿಂಟಲ್. ಆದ್ದರಿಂದ ಆತ ಅದೇ ದಿನ 14,500ರ ದರದಲ್ಲಿ ಎರಡು ಲಾಟ್ ವಾಯಿದಾ ಮಾರಿದ.

ಎರಡು ವಾರಗಳಲ್ಲಿ ಮಂದಿ ಬಂದು ಸ್ಥಳೀಯ ದರಗಳೆರಡೂ 1,500 ರೂಪಾಯಿ ಇಳಿದವು. ಉಳಿದ 100 ಕ್ವಿಂಟಲನ್ನು 12,600ಕ್ಕೆ ಮಾರಿದ. ಮಾಲಿನಲ್ಲಿ ನಷ್ಟ 1,20,000 ರೂಪಾಯಿ. ಅದೇ ದಿನ ವಾಯಿದಾ ಒಪ್ಪಂದವನ್ನು 13,100ಕ್ಕೆ ಮರಳಿ ಕೊಂಡ. ಅಲ್ಲಿ ಲಾಭ 1,40,000. ಮಾಲಿನ ಖರ್ಚು 10,000 ಕಳೆದರೆ ಉಳಿದ ಲಾಭ 10,000. ಮೊದಲಿನ 40,000 ಸೇರಿಸಿ ಒಟ್ಟು 50,000. ವಾಯಿದಾ ಮಾರದೆ ಕುಳಿತಿದ್ದರೆ ಇದೇ ವ್ಯಾಪಾರ 90,000 ರೂಪಾಯಿ ನಷ್ಟದಲ್ಲಿ ಮುಗಿಯುತ್ತಿತ್ತು. ವಾಯಿದಾ ದಲಾಲಿ ಹಾಗೂ ಶುಲ್ಕಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಮತ್ತೊಮ್ಮೆ, ದರ ಏರಿದಾಗ. ಅಷ್ಟೇ ದಾಸ್ತಾನು, ಅಷ್ಟೇ ವಾಯಿದಾ, ಅವೇ ಆರಂಭದ ದರಗಳು. ಸ್ಥಳೀಯ ದರ 1,500 ಏರಿತು, ವಾಯಿದಾ ದರ 1,400 ಏರಿತು. ದಿನದಿನವೂ ದಲಾಲರಿಂದ ಮಾರ್ಜಿನ್ ಹಣಕ್ಕೆ ಕರೆ ಬಂದು, ಒಟ್ಟು 1,40,000 ರೂಪಾಯಿ ನಗದು ಕಟ್ಟಬೇಕಾಯಿತು. ವ್ಯಾಪಾರಿ ದಲಾಲರ ಪಟ್ಟಿ ಹಿಡಿದು ಓಡಿಬಂದ: "ವಾಯಿದಾದಾಗ ಬರೇ ಲುಕ್ಸಾನ ಐತ್ರಿ, ಇವತ್ತ ಕಡದು ಬಿಡ್ಲೇನ್ರಿ?"

ಲೆಕ್ಕಪರಿಶೋಧಕರು ಒಂದೇ ಹಾಳೆಯಲ್ಲಿ ಎರಡೂ ಲೆಕ್ಕ ಬರೆದರು. 13,800ಕ್ಕೆ ಕೊಂಡ ಮಾಲು ಆಗ 15,600ಕ್ಕೆ ಹೋಗುತ್ತಿತ್ತು, ಲಾಭ 1,80,000. ವಾಯಿದಾ ನಷ್ಟ 1,40,000, ಖರ್ಚು 10,000 ಕಳೆದರೂ 30,000 ಉಳಿಯುತ್ತಿತ್ತು. ಆ ಹೊತ್ತಿಗೆ ವಾಯಿದಾ ಒಂದನ್ನೇ ಕಡಿದು ಮಾಲು ಹಿಡಿದಿದ್ದರೆ, ಏರಿದ ದರದಲ್ಲಿ ಮತ್ತೆ ತೇಜಿಯ ಊಹೆಗೇ ನಿಂತಂತಾಗುತ್ತಿತ್ತು. ವ್ಯಾಪಾರಿ ಮಾಲು ಮಾರಿ, ಅದೇ ದಿನ ವಾಯಿದಾ ಮುಗಿಸಿದ. ತೇಜಿಯ ದೊಡ್ಡ ಲಾಭ ಕೈತಪ್ಪಿತೆಂಬುದು ನಿಜ. ಅದು ಮಂದಿಯ ನಷ್ಟದಿಂದ ಪಾರಾಗಲು ತೆತ್ತ ಬೆಲೆ. ಹೀಗೆ ದರ ಯಾವ ಕಡೆ ಹೋದರೂ ಹಂಗಾಮು ಲಾಭದಲ್ಲೇ ಸಾಗಿತು, ರೈತರ ಬಾಕಿಯೂ ನಿಲ್ಲಲಿಲ್ಲ.

ಇನ್ನು ಈ ಪದ್ಧತಿಯ ಮಿತಿಗಳನ್ನು ಗಮನಿಸಬೇಕು. ಮೊದಲನೆಯದು, ಸ್ಥಳೀಯ ದರ ಮತ್ತು ವಾಯಿದಾ ದರ ಒಂದೇ ಪ್ರಮಾಣದಲ್ಲಿ ಚಲಿಸುವುದಿಲ್ಲ. ಮೇಲಿನ ಲೆಕ್ಕಗಳಲ್ಲಿ ಕ್ವಿಂಟಲಿಗೆ 100 ರೂಪಾಯಿ ವ್ಯತ್ಯಾಸ ಒಮ್ಮೆ ಪ್ರತಿಕೂಲವಾಗಿ, ಒಮ್ಮೆ ಅನುಕೂಲವಾಗಿ ಬಂದುದನ್ನು ಓದುಗರು ಗಮನಿಸಿರಬಹುದು. ವಿನಿಮಯ ಕೇಂದ್ರದ ಒಪ್ಪಂದ ನಿಜಾಮಾಬಾದ್ ಮಾರುಕಟ್ಟೆಯನ್ನು ಆಧರಿಸಿದ್ದು. ನಮ್ಮ ಮಾಲಿನ ದರ್ಜೆ, ತೇವಾಂಶ, ಊರು ಬೇರೆಯಾದಷ್ಟೂ ವ್ಯತ್ಯಾಸ ಹೆಚ್ಚು. ಆದ್ದರಿಂದ ಎರಡೂ ದರಗಳನ್ನು ದಿನವೂ ಒಂದು ವಹಿಯಲ್ಲಿ ಬರೆದು ಅಂತರದ ಏರಿಳಿತವನ್ನು ನೋಡುತ್ತಿರಬೇಕು. ಆ ಏರಿಳಿತ ನಿಮ್ಮ ವ್ಯಾಪಾರದ ಅಂತರಕ್ಕಿಂತ ದೊಡ್ಡದಾಗತೊಡಗಿದರೆ ಹೆಜ್ಜಿಂಗ್ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ.

ಎರಡನೆಯದು, ನಗದು. ಮಾಲಿನ ಲಾಭ ಗೋದಾಮಿನಲ್ಲಿರುತ್ತದೆ, ವಾಯಿದಾದ ನಷ್ಟವನ್ನು ಅಂದಂದೇ ಕಟ್ಟಬೇಕಾಗುತ್ತದೆ. ಮಾರ್ಜಿನ್‌ಗೆಂದು ಹಣ ಬೇರೆ ಇರಿಸದವನು ಸರಿಯಾದ ಲೆಕ್ಕ ಹಾಕಿಯೂ ನಡುವೆಯೇ ಸೋಲುತ್ತಾನೆ.

ಮೂರನೆಯದು, ಎಲ್ಲ ಮಾಲಿಗೂ ಈ ಸೌಲಭ್ಯವಿಲ್ಲ. 2021ರ ಡಿಸೆಂಬರ್‌ನಲ್ಲಿ ಸೆಬಿ ಸಂಸ್ಥೆಯು ಸೋಯಾಬೀನ್, ಕಡಲೆ ಸೇರಿದಂತೆ ಏಳು ಸರಕುಗಳ ವಾಯಿದಾ ವಹಿವಾಟನ್ನು ಅಮಾನತುಗೊಳಿಸಿ, ಮುಂದೆ ಹಲವು ಬಾರಿ ಆ ಅವಧಿಯನ್ನು ವಿಸ್ತರಿಸಿತು. ಅಂಥ ಸಂದರ್ಭದಲ್ಲಿಯೂ, 50 ಕ್ವಿಂಟಲಿಗಿಂತ ಕಡಿಮೆ ದಾಸ್ತಾನು ಇರುವಾಗಲೂ ಹಳೆಯ ಉಪಾಯವೊಂದಿದೆ. ದಾಸ್ತಾನು ಹೆಚ್ಚಾದಾಗ ಎರಡೂ ದರಗಳನ್ನು ನೂರು ರೂಪಾಯಿ ಇಳಿಸುವುದು. ಆಗ ಮಾಲು ತರುವವರು ಕಡಿಮೆಯಾಗಿ, ಕೊಳ್ಳುವವರು ಹೆಚ್ಚುತ್ತಾರೆ. ಅಂತರ ಹಾಗೆಯೇ ಉಳಿದು ದಾಸ್ತಾನು ಕರಗುತ್ತದೆ. ದಾಸ್ತಾನು ಬರಿದಾದಾಗ ಎರಡನ್ನೂ ಏರಿಸುವುದು.

ಕೊನೆಯದಾಗಿ ಒಂದು ಎಚ್ಚರಿಕೆ. ಗೋದಾಮಿನಲ್ಲಿ 100 ಕ್ವಿಂಟಲ್ ಇಟ್ಟುಕೊಂಡು ನಾಲ್ಕು ಲಾಟ್ ಮಾರಿದರೆ, ಹೆಚ್ಚಿನ ಎರಡು ಲಾಟ್ ಹೆಜ್ಜಿಂಗ್ ಅಲ್ಲ, ಮಂದಿಯ ಸಟ್ಟಾ. ಸಂಜೆ ಅಂಗಡಿ ಮುಚ್ಚುವ ಮುನ್ನ ದಾಸ್ತಾನು ಎಷ್ಟು, ವಾಯಿದಾ ಎಷ್ಟು ಎಂದು ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆಯಿರಿ. ಅವುಗಳ ವ್ಯತ್ಯಾಸವೇ ಆ ರಾತ್ರಿ ನೀವು ಊಹೆಗೆ ಒಡ್ಡಿದ ಬಂಡವಾಳ.