ಕೊನೆಯ ರಾತ್ರಿಯ ದಾಸ್ತಾನು: ಒಂದು ಸಣ್ಣಕಥೆ ಕಟ್ಟುವ ಕ್ರಮ

ಮರುದಿನ ಬಾಗಿಲು ಹಾಕಲಿರುವ ಕಿರಾಣಿ ಅಂಗಡಿಯವನು ಹಿಂದಿನ ರಾತ್ರಿ ಕುಳಿತು ಒಂದೊಂದೇ ಸಾಮಾನು ಎಣಿಸುವ ಕಥೆಗೆ ಮೊದಲು ಬೇಕಾದುದು ಎಣಿಕೆಗೊಂದು ಕಾರಣ. ಕಾರಣವಿಲ್ಲದೆ ಎಣಿಸಿದರೆ ಅದು ಬರೀ ಮರುಕವಾಗುತ್ತದೆ. ಅಂಗಡಿ ನಡೆಸಿ ಗೊತ್ತಿರುವ ಓದುಗ ಎರಡನೆಯ ಪುಟದಲ್ಲೇ ನಂಬಿಕೆ ಕಳೆದುಕೊಳ್ಳುತ್ತಾನೆ. ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಂಥ ಊರಿನಲ್ಲಿ ಒಂದು ಅಂಗಡಿಯನ್ನು ಕಲ್ಪಿಸಿಕೊಂಡು ಈ ಕಥೆಯನ್ನು ಹಂತಹಂತವಾಗಿ ಕಟ್ಟಬಹುದು.

ಎಣಿಕೆಗೆ ಕಾನೂನೇ ಒಂದು ಕಾರಣ ಒದಗಿಸುತ್ತದೆ. ಜಿಎಸ್‌ಟಿ ಕಾಯ್ದೆಯ 29ನೇ ಕಲಂ ಪ್ರಕಾರ ನೋಂದಣಿ ರದ್ದಾಗುವಾಗ, ಅದರ ಹಿಂದಿನ ದಿನ ಕೈಯಲ್ಲಿ ಉಳಿದಿದ್ದ ದಾಸ್ತಾನಿನ ಮೇಲೆ ತೆರಿಗೆಯ ಲೆಕ್ಕ ಚುಕ್ತಾ ಮಾಡಬೇಕು. ಅಂದರೆ ಸರಕಾರ ಕೇಳುವುದೂ ಕೊನೆಯ ರಾತ್ರಿಯ ಲೆಕ್ಕವನ್ನೇ. ಆದರೆ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿಯೇ ಕಡ್ಡಾಯವಲ್ಲ. ಹಳ್ಳಿಯ ಸಣ್ಣ ಅಂಗಡಿಯವನನ್ನು ಜಿಎಸ್‌ಟಿ ಹೆದರಿಕೆಯಿಂದ ಎಣಿಸಲು ಕೂರಿಸಿದರೆ ಕಥೆ ಅಲ್ಲೇ ಸುಳ್ಳಾಗುತ್ತದೆ. ಇಲ್ಲಿಗೆ ಹೆಚ್ಚು ಒಪ್ಪುವ ಕಾರಣ ಬೇರೆ: ಪಕ್ಕದ ಊರಿನ ವ್ಯಾಪಾರಿಯೊಬ್ಬ ಮಾಲನ್ನೆಲ್ಲ ಖರೀದಿ ದರಕ್ಕೆ ಎತ್ತಲು ಒಪ್ಪಿದ್ದಾನೆ, ಬೆಳಿಗ್ಗೆ ಗಾಡಿ ತರುತ್ತಾನೆ, ಅಷ್ಟರೊಳಗೆ ಯಾದಿ ತಯಾರಿರಬೇಕು. ಒಡೆದ ಪ್ಯಾಕೆಟ್ಟು, ಅವಧಿ ಮುಗಿದ ಬಿಸ್ಕತ್ತು ಅವನಿಗೆ ಬೇಡ. ಈ ಒಂದು ಶರತ್ತಿನಿಂದ ಗಡುವೂ ಸಿಗುತ್ತದೆ, ಯಾವುದಕ್ಕೆ ಬೆಲೆ ಉಂಟು ಯಾವುದಕ್ಕಿಲ್ಲ ಎಂಬ ಜಗ್ಗಾಟವೂ ಸಿಗುತ್ತದೆ.

ಎರಡನೆಯ ಹಂತ ತಿಂಗಳನ್ನು ಗೊತ್ತು ಮಾಡುವುದು. ಹೊಸಬರು ಇದನ್ನು ಮಳೆ, ಚಳಿಯ ವರ್ಣನೆಗೆಂದು ಆರಿಸುತ್ತಾರೆ. ನಿಜವಾಗಿ ಅದು ಉದ್ರಿಯ ಪ್ರಶ್ನೆ. ಈ ಭಾಗದಲ್ಲಿ ಗೋವಿನಜೋಳ, ಹತ್ತಿ ಮಾರಿದ ದುಡ್ಡು ದೀಪಾವಳಿಯ ಆಚೀಚೆ ಕೈಗೆ ಬರುತ್ತದೆ. ಅಂಗಡಿಯ ಬಾಕಿ ತೀರುವುದೂ ಆಗಲೇ. ಪಾಡ್ಯದ ಪೂಜೆಗೆ ಹೊಸ ಖಾತೆ ಪುಸ್ತಕ ತೆರೆಯುವ ರೂಢಿ ಇರುವ ಅಂಗಡಿ ಶ್ರಾವಣದಲ್ಲಿ ಮುಚ್ಚಿದರೆ ಊರಿನ ಅರ್ಧ ಜನ ಬಾಕಿದಾರರಾಗಿಯೇ ಉಳಿಯುತ್ತಾರೆ. ಮಾರ್ಚ್ 31ಕ್ಕೆ ಮುಚ್ಚಿದರೆ ಲೆಕ್ಕ ಸುಲಭ, ಕಥೆ ಸಪ್ಪೆ. ಹೀಗಾಗಿ ಶ್ರಾವಣವೇ ಲೇಸು: ಮುಚ್ಚುವ ತುರ್ತು ಎಷ್ಟಿತ್ತೆಂದರೆ ಸುಗ್ಗಿಯವರೆಗೂ ಕಾಯಲಾಗಲಿಲ್ಲ ಎಂಬುದನ್ನು ಲೇಖಕ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆಮೇಲೆ ಎಣಿಕೆಯ ದಾರಿ. ಅನುಭವಸ್ಥರು ಸಾಮಾನನ್ನು ಕದಲಿಸದೆ, ಬಾಗಿಲ ಬಲಗಡೆಯಿಂದ ಹೊರಟು, ಒಂದೊಂದು ಹಲಗೆಯನ್ನು ಮೇಲಿನಿಂದ ಕೆಳಕ್ಕೆ ಮುಗಿಸಿ, ಮುಗಿದ ಹಲಗೆಗೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಗುರುತು ಮರೆತರೆ ಒಂದೇ ಹಲಗೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ತೂಕದ ಮಾಲನ್ನು ಚೀಲದ ಸಮೇತ ತೂಗಿ ಖಾಲಿ ಚೀಲದ ತೂಕ ಕಳೆಯುತ್ತಾರೆ: ಸಕ್ಕರೆ ಚೀಲ 31 ಕೆ.ಜಿ. 400 ಗ್ರಾಂ, ಗೋಣಿ 600 ಗ್ರಾಂ, ಯಾದಿಗೆ ಬರುವುದು 30 ಕೆ.ಜಿ. 800 ಗ್ರಾಂ. ಈ ಕಳೆಯುವ ಲೆಕ್ಕವೊಂದನ್ನು ತೋರಿಸಿದರೆ ಸಾಕು, ಎಣಿಸುವವನು ಕಸುಬುದಾರ ಎಂದು ಗೊತ್ತಾಗುತ್ತದೆ.

ಅಂಗಡಿಯ ಜಾಗಕ್ಕೂ ಕಾಲಕ್ಕೂ ಇರುವ ಸಂಬಂಧ ಕಥೆಗಾರನಿಗೆ ಪುಕ್ಕಟೆ ಸಿಗುವ ಸೌಕರ್ಯ. ದಿನಾ ಹೋಗುವ ಮಾಲು ಗಲ್ಲಾದ ಹತ್ತಿರ ಇರುತ್ತದೆ: ತೂಗಾಡುವ ಶಾಂಪೂ ಸರ, ಬೆಂಕಿಪೊಟ್ಟಣ, ಚಹಾಪುಡಿ. ಖರ್ಚಾಗದ್ದು ಒಳಕ್ಕೆ, ಕೊನೆಗೆ ಅಟ್ಟಕ್ಕೆ ಸರಿಯುತ್ತದೆ. ಕಂದೀಲಿನ ಗಾಜು, ಮೆಟ್ರಿಕ್ ಅಳತೆ ಬರುವ ಮುಂಚಿನ ಸೇರು, ಪಾವು ಅಲ್ಲಿ ಸಿಕ್ಕಾವು. ಬಾಗಿಲಿನಿಂದ ಅಟ್ಟಕ್ಕೆ ಎಣಿಸುತ್ತ ಹೋದವನು ತಾನಾಗಿಯೇ ಇಂದಿನಿಂದ ಅಪ್ಪನ ಕಾಲಕ್ಕೆ ಹೋಗುತ್ತಾನೆ, ಹಿಂದಿನದನ್ನು ನೆನಪಿಸಲು ಬೇರೆ ಉಪಾಯ ಬೇಕಿಲ್ಲ.

ಇಷ್ಟಾದರೂ ಯಾದಿ ಯಾದಿಯೇ. ಕಥೆ ಹುಟ್ಟುವುದು ಲೆಕ್ಕ ಕೂಡದ ಕಡೆ. ಇಲ್ಲಿ ಬಹಳಷ್ಟು ಜನ ಜಾರುತ್ತಾರೆ: ಪುಸ್ತಕದಲ್ಲಿ ಇಷ್ಟಿತ್ತು, ಹಲಗೆಯ ಮೇಲೆ ಇಷ್ಟೇ ಇದೆ, ಕೊರತೆ ಇಷ್ಟು ಎಂದು ಬರೆಯುತ್ತಾರೆ. ಸಣ್ಣ ಕಿರಾಣಿಯವನು ರೋಕಡಿಯಲ್ಲಿ ದಿನದ ಒಟ್ಟು ಮೊತ್ತ ಬರೆದಾನೇ ಹೊರತು ಎಷ್ಟು ಸಾಬೂನು ಹೋಯಿತೆಂದು ಬರೆಯುವುದಿಲ್ಲ. ಸಾಮಾನಿನ ಹೆಸರು ಬರೆದಿರುವುದು ಎರಡೇ ಕಡೆ: ತಂತಿಗೆ ಚುಚ್ಚಿಟ್ಟ ಖರೀದಿ ಬಿಲ್ಲಿನಲ್ಲಿ, ಉದ್ರಿ ಪುಸ್ತಕದಲ್ಲಿ. ಸಕ್ಕರೆಯಲ್ಲಿ ಬಂದ ಕೊರತೆಯೂ ಕಳವೇ ಆಗಬೇಕಿಲ್ಲ. ಪ್ರತಿ ತೂಕಕ್ಕೂ ಹಾಕಿದ ಕೊಸರು ಸೇರುತ್ತ ಹೋದರೆ ಕಿಲೋಗಟ್ಟಲೆ ಆಗುತ್ತದೆ.

ಕೊರತೆಗಿಂತ ಹೆಚ್ಚಳ ಒಳ್ಳೆಯ ಕಥೆ ಕೊಡುತ್ತದೆ. ಸಂತೆಗೆ ಬಂದವರು ಬಸ್ಸಿನ ಹೊತ್ತಿನವರೆಗೆ ಚೀಲವನ್ನು ಪರಿಚಯದ ಅಂಗಡಿಯಲ್ಲಿಟ್ಟು ಹೋಗುವುದುಂಟು. ಎಣಿಸುವಾಗ ಅಕ್ಕಿ ಚೀಲಗಳ ಹಿಂದೆ ಅಂಥದೊಂದು ಸಿಗುತ್ತದೆ. ಅದು ಯಾವ ಬಿಲ್ಲಿನಲ್ಲೂ ಇಲ್ಲ, ಮಾರುವ ಮಾಲಲ್ಲ, ಎಸೆಯುವಂತೆಯೂ ಇಲ್ಲ. ಮಾತು ಹೀಗಿರಬಹುದು:

“ಈ ಚೀಲ ಯಾರದರಿ?”

“ಸಂತೀಗೆ ಬಂದೋರು ಯಾರೋ ಇಟ್ಟು ಹೋಗ್ಯಾರ.”

“ಹಂಗಾರ ಬರಕೋರಿ.”

“ಎದರಾಗ ಬರೀಲಿ?”

ಗಂಡ ಹೆಂಡತಿಯ ಈ ನಾಲ್ಕು ಮಾತಿನ ಮೇಲೆ ವಿವರಣೆ ಹೇರಬಾರದು. ನಾಳೆ ಚೀಲದವರು ಬಂದರೆ ಬಾಗಿಲು ಹಾಕಿರುತ್ತದೆ. ಅವನು ಅದನ್ನು ಮನೆಗೆ ಒಯ್ಯುವನೋ, ಪಕ್ಕದ ಚಹಾ ಅಂಗಡಿಯಲ್ಲಿ ಇಡುವನೋ, ಕಟ್ಟೆಯ ಮೇಲೆ ಬಿಡುವನೋ ಎಂಬುದೇ ಕಥೆಯ ತೀರ್ಮಾನ. ಇಡೀ ರಾತ್ರಿಯಲ್ಲಿ ಅವನು ದರ ನೋಡದೆ ಮಾಡಬೇಕಾದ ಆಯ್ಕೆ ಇದೊಂದೇ.

ಉದ್ರಿ ಪುಸ್ತಕವನ್ನು ಇದಕ್ಕಿಂತ ಮುಂಚೆ ತರಬೇಕು, ಕೊನೆಗೆ ಇಟ್ಟರೆ ಅಳುಬುರುಕ ಮುಕ್ತಾಯ ಬರುತ್ತದೆ. ಮಾಲು ಎತ್ತುವವನು ಹಲಗೆಯ ಮೇಲಿನದಕ್ಕೆ ದುಡ್ಡು ಕೊಡುತ್ತಾನೆ, ಬೇರೆಯವರ ಬಾಕಿಗಲ್ಲ. ಮಾರಿದ ಸರಕಿನ ಬೆಲೆ ವಸೂಲಿಗೆ 1963ರ ಕಾಲಮಿತಿ ಕಾಯ್ದೆ ಕೊಡುವ ಅವಧಿ ಮೂರು ವರ್ಷ. ಆ ಅವಧಿಯೊಳಗೆ ಬಾಕಿದಾರ ಬಾಕಿ ಒಪ್ಪಿ ಸಹಿ ಮಾಡಿದ್ದರೆ ಅಲ್ಲಿಂದ ಎಣಿಕೆ ಮತ್ತೆ ಶುರು. ಅಂಗಡಿಯವನಿಗೆ ಇದು ಗೊತ್ತು. ಆದರೂ ಹಳೆಯ ಪುಟಗಳ ಮೊತ್ತವನ್ನೂ ಅವನು ಕೂಡಿಸುವುದಾದರೆ ಒಂದು ವಾಕ್ಯದಲ್ಲಿ ಮುಗಿಸಬೇಕು.

ಕರಡು ಮುಗಿದ ಮೇಲೆ ಅಂಕಿಗಳನ್ನು ಜಾಲಾಡಬೇಕು. ಒಂದು ಅಂಕಿಯನ್ನು ತೆಗೆದು ಬೇರೊಂದನ್ನು ಹಾಕಿದಾಗ ಏನೂ ಬದಲಾಗದಿದ್ದರೆ ಅದು ಅಲ್ಲಿರುವುದು ಬೇಡ. ಸಾಮಾನಿನ ಹೆಸರು ಸಾಕು. ಎಲ್ಲವೂ ಹತ್ತು, ಇಪ್ಪತ್ತು, ಐವತ್ತು ಎಂದು ಬಂದಿದ್ದರೆ ಲೇಖಕ ಎಣಿಸಿಲ್ಲ, ಊಹಿಸಿದ್ದಾನೆ ಎಂದರ್ಥ. ಒಡೆದ ಪೆಟ್ಟಿಗೆಯಲ್ಲಿ ಉಳಿಯುವುದು ಏಳೋ ಹನ್ನೊಂದೋ. ‘ಪ್ರತಿಯೊಂದನ್ನೂ’ ಎಣಿಸುತ್ತಾನೆಂದ ಮಾತ್ರಕ್ಕೆ ಪ್ರತಿಯೊಂದನ್ನೂ ಓದುಗನಿಗೆ ಓದಿಸಬೇಕಿಲ್ಲ. ಎಂಟು ಹತ್ತು ಸಾಮಾನುಗಳನ್ನು ಪೂರ್ತಿ ಎಣಿಸಿ, ನಡುವಿನದನ್ನು “ಎರಡು ಹಲಗೆ ಮುಗಿದವು” ಎಂದು ದಾಟಿಸಬಹುದು. ಕಾಲವೂ ತಾಳೆಯಾಗಬೇಕು: ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ಗಲ್ಲಾದ ಮೇಲಿದ್ದರೆ ಅದು ಇಂದಿನ ಅಂಗಡಿ, ಬೆಲೆಯನ್ನು ಆಣೆಯಲ್ಲಿ ಹೇಳಿದ್ದರೆ 1957ರ ನಯಾಪೈಸೆಯ ಆಚೀಚಿನದು.

ಕೊನೆಯ ಕೆಲಸ, ಕರಡನ್ನು ಕಿರಾಣಿ ಅಂಗಡಿಯವರೊಬ್ಬರಿಗೆ ಓದಿ ಹೇಳುವುದು. ಕಥೆ ಹೇಗಿದೆ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ, ಚೆನ್ನಾಗಿದೆ ಎಂದುಬಿಡುತ್ತಾರೆ. ಈ ಯಾದಿ ಹಿಡಿದು ಮಾಲು ಎತ್ತಲು ಬಂದರೆ ಯಾವುದನ್ನು ಬೇಡ ಅನ್ನುತ್ತೀರಿ, ಯಾವುದರ ದರ ತಪ್ಪಿದೆ ಎಂದು ಕೇಳಬೇಕು. ಅವರು ಬೆರಳಿಟ್ಟ ಸಾಲುಗಳನ್ನು ತಿದ್ದಿ, ಮೊತ್ತವನ್ನು ಇನ್ನೊಮ್ಮೆ ಕೂಡಿಸಿ, ಆಮೇಲೆ ಪತ್ರಿಕೆಗೆ ಕಳಿಸಬಹುದು.